ವಾಹನ ಸಾಲ: ಕಂತು ತಪ್ಪಿದ ಮೇಲೆ ಕಂಪನಿ ಏನು ಮಾಡಬಹುದು, ಏನು ಮಾಡಬಾರದು?

ಕಾಸರಗೋಡು: ಮಳೆಗಾಲ ಬಂತೆಂದರೆ ಕೆಂಪುಕಲ್ಲಿನ ಕ್ವಾರಿಗಳಲ್ಲಿ ಕೆಲಸ ಕಡಿಮೆಯಾಗುತ್ತದೆ, ಮನೆ ಕಟ್ಟುವವರು ಕೈ ಕಟ್ಟಿ ಕೂರುತ್ತಾರೆ, ಅಂಗಳದಲ್ಲಿ ಪಿಕಪ್ ನಿಂತೇ ಇರುತ್ತದೆ. ಆದರೆ ತಿಂಗಳ 5ನೇ ತಾರೀಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಜೂನ್, ಜುಲೈ, ಆಗಸ್ಟ್ ತಿಂಗಳ ಕಂತು ತಪ್ಪಿಸಿಕೊಂಡವರ ಮನೆಗೆ ಸೆಪ್ಟೆಂಬರಿನಲ್ಲಿ ಫೈನಾನ್ಸಿನವರು ಬರುವುದು ಈ ಗಡಿನಾಡಿನಲ್ಲಿ ಹೊಸ ಸಂಗತಿಯಲ್ಲ.

ಹೊಸದಾಗಿರುವುದು ನಿಯಮಗಳು. 2023ರಿಂದ 2025ರ ನಡುವೆ ವಾಹನ ಸಾಲದ ದಂಡದ ಲೆಕ್ಕ, ಸಾಲದ ಕಾಗದದ ಭಾಷೆ, ದಂಡದ ಮೇಲಿನ ತೆರಿಗೆ ಈ ಮೂರೂ ವಿಷಯಗಳಲ್ಲಿ ಸಾಲಗಾರನಿಗೆ ಅನುಕೂಲವಾಗುವ ಬದಲಾವಣೆಗಳು ಬಂದಿವೆ. ಆದರೆ ಸಹಿ ಹಾಕಿದ ಒಪ್ಪಂದ ಕಪಾಟಿನಲ್ಲಿ ಓದದೆ ಬಿದ್ದಿರುವುದರಿಂದ ಈ ಬದಲಾವಣೆಗಳು ಹೆಚ್ಚಿನವರಿಗೆ ತಲುಪಿಲ್ಲ. ನಮ್ಮಲ್ಲಿ ಹಲವರ ಗಾಡಿ ಕೇರಳದ ಕೆಎಲ್ 14 ನೋಂದಣಿಯದು, ಸಾಲ ಕೊಟ್ಟ ಶಾಖೆ ಮಂಗಳೂರಿನಲ್ಲಿ, ಕಂಪನಿಯ ಮುಖ್ಯ ಕಚೇರಿ ಚೆನ್ನೈ ಅಥವಾ ಮುಂಬೈಯಲ್ಲಿ, ಒಪ್ಪಂದ ಇಂಗ್ಲಿಷಿನಲ್ಲಿ. ಇಂಥ ಒಪ್ಪಂದದಲ್ಲಿ ಸಾಮಾನ್ಯವಾಗಿ ಏನಿರುತ್ತದೆ, ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಒಂದು ಲೆಕ್ಕದ ಸಮೇತ ವಿವರಿಸಲಾಗಿದೆ.

ಗಾಡಿ ಯಾರದು?

ಮಲಯಾಳದಲ್ಲಿ 'ಸಿ.ಸಿ.' ಎಂದೇ ಕರೆಯುವ ಈ ಸಾಲ ಕಾಗದದಲ್ಲಿ ಎರಡು ಬಗೆಯದಾಗಿರುತ್ತದೆ. ಒಂದು ಹೈರ್ ಪರ್ಚೇಸ್, ಅಂದರೆ ಬಾಡಿಗೆ ಖರೀದಿ. ಇದರಲ್ಲಿ ಕೊನೆಯ ಕಂತು ಕಟ್ಟುವವರೆಗೆ ಗಾಡಿಯ ಒಡೆಯ ಫೈನಾನ್ಸ್ ಕಂಪನಿ. ನೀವು 'ಹೈರರ್', ಅಂದರೆ ಬಾಡಿಗೆಗೆ ಪಡೆದವರು. ಎಲ್ಲಾ ಕಂತು ಮುಗಿಸಿದಾಗ ಗಾಡಿಯನ್ನು ಕೊಂಡುಕೊಳ್ಳುವ ಹಕ್ಕು ನಿಮ್ಮದಾಗುತ್ತದೆ. ಇನ್ನೊಂದು ಹೈಪೊಥಿಕೇಶನ್, ಅಂದರೆ ಅಡವು. ಇದರಲ್ಲಿ ಒಡೆಯ ನೀವೇ, ಸಾಲಕ್ಕಾಗಿ ಗಾಡಿಯನ್ನು ಈಡಾಗಿ ಬರೆದುಕೊಟ್ಟಿರುತ್ತೀರಿ. ಇಂದು ಬ್ಯಾಂಕುಗಳೂ ಹೆಚ್ಚಿನ ಫೈನಾನ್ಸ್ ಕಂಪನಿಗಳೂ ಎರಡನೆಯದನ್ನೇ ಬಳಸುತ್ತವೆ. ಮಾತಿನಲ್ಲಿ ಮಾತ್ರ ಎಲ್ಲವೂ ಹೈರ್ ಪರ್ಚೇಸ್.

ನಿಮ್ಮದು ಯಾವುದು ಎಂದು ತಿಳಿಯಲು ಆರ್‌ಸಿ ನೋಡಿ. ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಫೈನಾನ್ಸ್ ಕಂಪನಿಯ ಹೆಸರು ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಕೊನೆಯ ಕಂತು ಕಟ್ಟಿ ಕಂಪನಿಯಿಂದ ಎನ್ಒಸಿ ಪಡೆದು, ಫಾರ್ಮ್ 35 ಅನ್ನು ಆರ್‌ಟಿಒಗೆ ಕೊಟ್ಟ ಮೇಲೆಯೇ ಆ ಹೆಸರು ಅಳಿಯುತ್ತದೆ.

ಬಾಡಿಗೆ ಖರೀದಿಗೆಂದು 1972ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತ್ತು. ಗಾಡಿ ಕಿತ್ತುಕೊಳ್ಳುವುದಕ್ಕೆ ಅದರಲ್ಲಿ ಮಿತಿಗಳಿದ್ದವು. ಆದರೆ ಆ ಕಾಯ್ದೆ ಜಾರಿಗೆ ಬರಲೇ ಇಲ್ಲ, 2005ರಲ್ಲಿ ಅದನ್ನು ರದ್ದು ಮಾಡಲಾಯಿತು. ಹಾಗಾಗಿ ಇವತ್ತು ಸಾಲಗಾರನನ್ನು ಕಾಯುವುದು ಮೂರು ಸಂಗತಿಗಳು: ಅವನ ಒಪ್ಪಂದದ ಷರತ್ತುಗಳು, ರಿಸರ್ವ್ ಬ್ಯಾಂಕಿನ ನಿಯಮಗಳು, ನ್ಯಾಯಾಲಯದ ತೀರ್ಪುಗಳು. ಒಪ್ಪಂದ ಓದುವುದು ಯಾಕೆ ಮುಖ್ಯ ಎಂಬುದಕ್ಕೆ ಇದೇ ಕಾರಣ.

'ಡೀಫಾಲ್ಟ್' ಅಂದರೆ ಕಂತು ತಪ್ಪುವುದು ಮಾತ್ರವಲ್ಲ

ಒಪ್ಪಂದದಲ್ಲಿ 'ಈವೆಂಟ್ಸ್ ಆಫ್ ಡೀಫಾಲ್ಟ್' ಎಂಬ ತಲೆಬರಹದ ಕೆಳಗೆ ಒಂದು ಪಟ್ಟಿ ಇರುತ್ತದೆ. ಮೊದಲನೆಯದು ಕಂತು ತಪ್ಪುವುದು. ಹೆಚ್ಚಿನ ಒಪ್ಪಂದಗಳ ಪ್ರಕಾರ ಒಂದೇ ಒಂದು ಕಂತು ಒಂದು ದಿನ ತಡವಾದರೂ ಅದು ಡೀಫಾಲ್ಟ್. ಮೂರು ಕಂತು ತಪ್ಪಿದ ಮೇಲೆಯೇ ಗಾಡಿ ಹಿಡಿಯಬಹುದು ಎಂಬ ನಂಬಿಕೆ ಊರಿನಲ್ಲಿದೆ. ಅಂಥ ಕಾನೂನು ಇಲ್ಲ. 90 ದಿನ ಬಾಕಿ ಉಳಿದರೆ ಸಾಲ 'ಎನ್‌ಪಿಎ' ಆಗುತ್ತದೆ ಎಂಬ ಬ್ಯಾಂಕ್ ಲೆಕ್ಕದ ನಿಯಮವೇ ಬಾಯಿಂದ ಬಾಯಿಗೆ ಹೋಗಿ ಹೀಗಾಗಿರಬಹುದು.

ಪಟ್ಟಿಯ ಉಳಿದ ಅಂಶಗಳನ್ನು ಗಡಿಯವರು ಹೆಚ್ಚು ಗಮನಿಸಬೇಕು. ಇನ್ಶೂರೆನ್ಸ್ ಮುಗಿದರೂ ನವೀಕರಿಸದಿರುವುದು, ಕಂಪನಿಗೆ ತಿಳಿಸದೆ ಗಾಡಿಯನ್ನು ಬೇರೆಯವರಿಗೆ ಕೊಡುವುದು, ವಿಳಾಸ ಬದಲಾದದ್ದನ್ನು ತಿಳಿಸದಿರುವುದು, ಅದೇ ಕಂಪನಿಯ ಇನ್ನೊಂದು ಸಾಲ ಬಾಕಿ ಇರುವುದು ಇವೆಲ್ಲ ಡೀಫಾಲ್ಟ್ ಆಗಬಹುದು. ಲಿಖಿತ ಅನುಮತಿ ಇಲ್ಲದೆ ಗಾಡಿಯನ್ನು ರಾಜ್ಯದಿಂದ ಹೊರಗೆ ಕೊಂಡೊಯ್ಯಬಾರದು ಎಂಬ ಷರತ್ತೂ ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ತಲಪಾಡಿ ದಾಟಿ ದಿನವೂ ಮಂಗಳೂರಿಗೆ ಅಡಿಕೆ, ತೆಂಗಿನಕಾಯಿ ಹೊತ್ತೊಯ್ಯುವ ಗಾಡಿಗೆ ಈ ಒಂದು ಸಾಲೇ ಸಾಕು. ಸಹಿ ಹಾಕುವ ಮೊದಲು ಇದನ್ನು ತೆಗೆಸಬೇಕು, ಇಲ್ಲವೇ ಕರ್ನಾಟಕಕ್ಕೆ ಹೋಗಲು ಅನುಮತಿ ಇದೆ ಎಂದು ಬರೆಸಿಕೊಳ್ಳಬೇಕು.

ಇನ್ನು ಜಾಮೀನು. ಭಾವನೋ ನೆರೆಮನೆಯವರೋ 'ಒಂದು ಸಹಿ ತಾನೆ' ಎಂದು ಹಾಕಿಕೊಟ್ಟಿರುತ್ತಾರೆ. ಕಾನೂನಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಕಂಪನಿ ಮೊದಲು ಸಾಲಗಾರನನ್ನು ಕೇಳಿ ಆಮೇಲೆ ಜಾಮೀನುದಾರನ ಬಳಿ ಬರಬೇಕೆಂದೇನೂ ಇಲ್ಲ. ಗಾಡಿ ಮಾರಿದ ಮೇಲೆ ಉಳಿದ ಬಾಕಿಗೂ ಅವರು ಹೊಣೆಗಾರರೇ.

ದಂಡದ ಲೆಕ್ಕ

ಒಂದು ಉದಾಹರಣೆ ನೋಡೋಣ. ಬದಿಯಡ್ಕ ಕಡೆಯ ಒಬ್ಬ ಚಾಲಕ ಸೆಕೆಂಡ್ ಹ್ಯಾಂಡ್ ಪಿಕಪ್‌ಗೆ 3,00,000 ರೂಪಾಯಿ ಸಾಲ ಪಡೆದ ಎಂದುಕೊಳ್ಳಿ. ಏಜೆಂಟ್ ಹೇಳಿದ ಬಡ್ಡಿ ಶೇ. 9 ಫ್ಲಾಟ್, ಅವಧಿ 48 ತಿಂಗಳು. ಫ್ಲಾಟ್ ಎಂದರೆ ನಾಲ್ಕು ವರ್ಷವೂ ಪೂರ್ತಿ ಮೂರು ಲಕ್ಷದ ಮೇಲೆ ಬಡ್ಡಿ. ವರ್ಷಕ್ಕೆ 27,000ದಂತೆ ಒಟ್ಟು ಬಡ್ಡಿ 1,08,000. ಅಸಲು ಬಡ್ಡಿ ಸೇರಿ 4,08,000. ತಿಂಗಳ ಕಂತು 8,500. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಇಳಿಯದ ಕಾರಣ ನಿಜವಾದ ದರ ವರ್ಷಕ್ಕೆ ಸುಮಾರು ಶೇ. 16. ಬಾಯಲ್ಲಿ 9, ಲೆಕ್ಕದಲ್ಲಿ 16.

ಈತ 20 ಕಂತು ಸರಿಯಾಗಿ ಕಟ್ಟಿದ. ಆಮೇಲೆ ಜೂನ್, ಜುಲೈ, ಆಗಸ್ಟ್ ಮೂರು ಕಂತು ತಪ್ಪಿತು. ಬಾಕಿ 25,500. ತಡವಾದ ಕಂತಿಗೆ ತಿಂಗಳಿಗೆ ಶೇ. 3 ದಂಡ ಎಂದು ಅವನ ಒಪ್ಪಂದದಲ್ಲಿದೆ ಎಂದಿಟ್ಟುಕೊಳ್ಳೋಣ. ಸೆಪ್ಟೆಂಬರ್ 5ಕ್ಕೆ ಜೂನ್ ಕಂತಿಗೆ ಮೂರು ತಿಂಗಳ ದಂಡ 765, ಜುಲೈ ಕಂತಿಗೆ ಎರಡು ತಿಂಗಳ ದಂಡ 510, ಆಗಸ್ಟ್ ಕಂತಿಗೆ ಒಂದು ತಿಂಗಳ ದಂಡ 255. ಒಟ್ಟು 1,530 ರೂಪಾಯಿ.

ಈ ಲೆಕ್ಕದಲ್ಲಿ ದಂಡದ ಮೇಲೆ ಬಡ್ಡಿ ಇಲ್ಲ ಎಂಬುದನ್ನು ಗಮನಿಸಿ. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ತಿರುಳೇ ಇದು. ಅದಕ್ಕೆ ಮೊದಲು ಕಂಪನಿಗಳು 'ಪೀನಲ್ ಇಂಟರೆಸ್ಟ್' ಎಂದು ಬಡ್ಡಿ ದರವನ್ನೇ ಏರಿಸಿ, ದಂಡವನ್ನು ಅಸಲಿಗೆ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಹಾಕುತ್ತಿದ್ದವು. ಈಗ ದಂಡವನ್ನು ದಂಡಶುಲ್ಕವಾಗಿಯೇ ಬೇರೆ ಇಡಬೇಕು, ಬಡ್ಡಿ ದರಕ್ಕೆ ಸೇರಿಸಬಾರದು, ದಂಡಶುಲ್ಕದ ಮೇಲೆ ಬಡ್ಡಿ ಹಾಕಬಾರದು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಳೆಯ ಸಾಲಗಳನ್ನೂ 2024ರ ಜೂನ್ 30ರೊಳಗೆ ಈ ಪದ್ಧತಿಗೆ ತರಬೇಕೆಂದು ಗಡುವು ಇತ್ತು. ಬಾಕಿಯ ನೆನಪೋಲೆ ಕಳಿಸುವಾಗಲೆಲ್ಲ ದಂಡಶುಲ್ಕ ಎಷ್ಟು ಎಂಬುದನ್ನು ಅದರಲ್ಲಿ ತಿಳಿಸಬೇಕು ಎಂದೂ ಸುತ್ತೋಲೆ ಹೇಳುತ್ತದೆ.

ಸುತ್ತೋಲೆಗೆ ಒಂದು ಮಿತಿ ಇದೆ. ದಂಡ ಶೇ. 2ಕ್ಕಿಂತ ಅಥವಾ 3ಕ್ಕಿಂತ ಹೆಚ್ಚಿರಬಾರದು ಎಂದು ರಿಸರ್ವ್ ಬ್ಯಾಂಕ್ ಎಲ್ಲೂ ಅಂಕಿ ಕೊಟ್ಟಿಲ್ಲ. 'ನ್ಯಾಯಯುತ'ವಾಗಿರಬೇಕು, ತಪ್ಪಿಗೆ ತಕ್ಕಷ್ಟಿರಬೇಕು ಎಂದಷ್ಟೇ ಹೇಳಿದೆ. ಆದ್ದರಿಂದ ದರ ಎಷ್ಟು ಎಂಬುದು ಸಹಿ ಹಾಕುವ ದಿನವೇ ನೋಡಬೇಕಾದ ವಿಷಯ. ದಂಡದ ಷರತ್ತನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮ ಇರುವುದರಿಂದ ಹುಡುಕುವುದು ಕಷ್ಟವಲ್ಲ.

ಸ್ಟೇಟ್‌ಮೆಂಟ್ ಕೈಗೆ ಬಂದಾಗ ಮೂರು ಕಡೆ ಬೆರಳಿಟ್ಟು ನೋಡಿ. ಒಂದು, ದಂಡವನ್ನು ತಪ್ಪಿದ ಕಂತಿನ ಮೇಲೆ ಹಾಕಿದ್ದಾರೋ, ಉಳಿದ ಸಾಲದ ಮೇಲೆ ಪೂರ್ತಿ ಹಾಕಿದ್ದಾರೋ? ನಮ್ಮ ಉದಾಹರಣೆಯಲ್ಲಿ 8,500ರ ಮೇಲೆ ಶೇ. 3 ಎಂದರೆ 255 ರೂಪಾಯಿ. ಉಳಿದ ಅಸಲು ಸುಮಾರು 1,97,500ರ ಮೇಲೆ ಶೇ. 3 ಎಂದರೆ ತಿಂಗಳಿಗೆ 5,900ಕ್ಕೂ ಮೇಲೆ. ಎರಡು, ದಂಡಶುಲ್ಕದ ಮೇಲೆ ಜಿಎಸ್‌ಟಿ ಹಾಕಿದ್ದಾರೆಯೇ? ರಿಸರ್ವ್ ಬ್ಯಾಂಕಿನ ನಿಯಮದಂತೆ ವಿಧಿಸುವ ದಂಡಶುಲ್ಕಕ್ಕೆ ಜಿಎಸ್‌ಟಿ ಇಲ್ಲವೆಂದು ಕೇಂದ್ರದ ತೆರಿಗೆ ಮಂಡಳಿ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಮೂರು, ಬೌನ್ಸ್ ಚಾರ್ಜ್. ಖಾತೆಯಲ್ಲಿ ಹಣವಿಲ್ಲದೆ ಕಂತು ಮರಳಿದರೆ ಕಂಪನಿ ಒಂದು ಶುಲ್ಕ ಹಾಕುತ್ತದೆ, ನಿಮ್ಮ ಬ್ಯಾಂಕ್ ಇನ್ನೊಂದು ಶುಲ್ಕ ಕಡಿಯುತ್ತದೆ. ಒಂದೇ ಕಂತಿಗೆ ತಿಂಗಳಲ್ಲಿ ಹಲವು ಸಲ ಖಾತೆ ತಟ್ಟಿ, ಪ್ರತಿ ಸಲವೂ ಶುಲ್ಕ ಹಾಕಿದ್ದರೆ ಕೇಳಬೇಕು.

ಕಟ್ಟಿದ ಹಣ ಯಾವುದಕ್ಕೆ ಮೊದಲು ಜಮೆಯಾಗುತ್ತದೆ ಎಂಬುದನ್ನೂ ಒಪ್ಪಂದ ಹೇಳುತ್ತದೆ. ಬಹುಮಟ್ಟಿಗೆ ಮೊದಲು ಶುಲ್ಕ, ಆಮೇಲೆ ಬಡ್ಡಿ, ಕೊನೆಗೆ ಅಸಲು. ಹೀಗಾಗಿಯೇ 8,500 ತಂದು ಕಟ್ಟಿದರೂ 'ಜೂನ್ ಕಂತು ಇನ್ನೂ ಬಾಕಿ' ಎಂದು ಬರುವುದು. ಅದರ 1,000-1,500 ರೂಪಾಯಿ ಶುಲ್ಕಕ್ಕೆ ಹೋಗಿರುತ್ತದೆ. ಹಣ ಕಟ್ಟುವಾಗ ಯಾವ ತಿಂಗಳ ಕಂತಿಗೆ ಎಂದು ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ರಸೀದಿ ಕೊಡದ ಕಲೆಕ್ಷನ್ ಹುಡುಗನ ಕೈಗೆ ಹಣ ಕೊಡಲೇಬಾರದು.

ಗಾಡಿ ಹಿಡಿಯುವ ಕ್ರಮ

ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ವಿಧಿಸಿರುವ ನ್ಯಾಯಯುತ ವ್ಯವಹಾರ ಸಂಹಿತೆಯ ಪ್ರಕಾರ, ಗಾಡಿ ವಾಪಸ್ ಪಡೆಯುವ ಷರತ್ತು ಒಪ್ಪಂದದಲ್ಲೇ ಇರಬೇಕು. ಷರತ್ತು ಇದ್ದರೆ ಸಾಲದು, ಅದರಲ್ಲಿ ಕೆಲವು ವಿವರಗಳು ಸ್ಪಷ್ಟವಾಗಿರಬೇಕು: ಹಿಡಿಯುವ ಮೊದಲು ಎಷ್ಟು ದಿನಗಳ ನೋಟಿಸ್, ಯಾವ ಸಂದರ್ಭದಲ್ಲಿ ನೋಟಿಸ್ ಬೇಕಾಗಿಲ್ಲ, ಹಿಡಿಯುವ ವಿಧಾನ ಏನು, ಮಾರುವ ಮೊದಲು ಹಣ ಕಟ್ಟಲು ಕೊನೆಯ ಅವಕಾಶ ಯಾವಾಗ, ಕಟ್ಟಿದರೆ ಗಾಡಿ ಮರಳಿಸುವುದು ಹೇಗೆ, ಕಟ್ಟದಿದ್ದರೆ ಹರಾಜು ಹೇಗೆ. ನೋಟಿಸಿಗೆ ಕೆಲವು ಕಂಪನಿಗಳು 7 ದಿನ, ಕೆಲವು 15 ದಿನ ಎಂದು ಬರೆದಿರುತ್ತವೆ.

ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಎರಡೂ ಕಡೆಗೆ ಮಾತು ಹೇಳಿದೆ. 2020ರ ಅಕ್ಟೋಬರಿನಲ್ಲಿ ಮ್ಯಾಗ್ಮಾ ಫಿನ್‌ಕಾರ್ಪ್ ಪ್ರಕರಣದ ತೀರ್ಪಿನಲ್ಲಿ, ಬಾಡಿಗೆ ಖರೀದಿಯಲ್ಲಿ ಎಲ್ಲ ಕಂತು ಮುಗಿಯುವವರೆಗೆ ಕಂಪನಿಯೇ ಒಡೆಯ, ಕಂತು ತಪ್ಪಿದಾಗ ಗಾಡಿ ಹಿಂಪಡೆಯಲು ಅದಕ್ಕೆ ಅಡ್ಡಿಯಿಲ್ಲ ಎಂದಿತು. ಜೊತೆಗೆ, ಒಪ್ಪಂದದಲ್ಲಿ ನೋಟಿಸ್ ಕೊಡಬೇಕೆಂದಿದ್ದರೆ ಅದು ಕಡ್ಡಾಯ ಎಂದೂ ಹೇಳಿತು. ಇದಕ್ಕೆ ಮೊದಲು 2007ರಲ್ಲಿ ಐಸಿಐಸಿಐ ಬ್ಯಾಂಕ್ ವಿರುದ್ಧ ಪ್ರಕಾಶ್ ಕೌರ್ ಪ್ರಕರಣದಲ್ಲಿ, ಸಾಲ ವಸೂಲಿಗೆ ಗೂಂಡಾಗಳನ್ನು ಬಳಸಿ ಬಲವಂತದಿಂದ ಗಾಡಿ ಹಿಡಿಯುವುದನ್ನು ನ್ಯಾಯಾಲಯ ಖಂಡಿಸಿತ್ತು. ಬಾಡಿಗೆ ಖರೀದಿಯ ಗಾಡಿಯನ್ನೂ ಕಾನೂನಿನ ದಾರಿಯಲ್ಲೇ ಪಡೆಯಬೇಕು, ಬಲ ಪ್ರಯೋಗಿಸಬಾರದು ಎಂದು 2011ರ ಸಿಟಿಕಾರ್ಪ್ ಮಾರುತಿ ಪ್ರಕರಣದಲ್ಲಿ ಮತ್ತೆ ಹೇಳಿತು. ಮೂರನ್ನೂ ಒಟ್ಟಿಗೆ ಓದಿದರೆ ಅರ್ಥ ಇಷ್ಟು: ಕಂಪನಿಗೆ ಗಾಡಿಯ ಮೇಲೆ ಹಕ್ಕಿದೆ, ಆದರೆ ನಿಮ್ಮ ಮೈ ಮೇಲೆ ಕೈ ಹಾಕುವ ಹಕ್ಕಿಲ್ಲ.

ರಸ್ತೆಯಲ್ಲಿ ಇದು ಹೇಗೆ ನಡೆಯುತ್ತದೆ? ಬಂದವರಲ್ಲಿ ಕಂಪನಿ ಕೊಟ್ಟ ಅಧಿಕಾರ ಪತ್ರ ಮತ್ತು ಗುರುತಿನ ಚೀಟಿ ಇರಬೇಕು. ಅಧಿಕಾರ ಪತ್ರದಲ್ಲಿ ನಿಮ್ಮ ಗಾಡಿಯ ನಂಬರ್, ಸಾಲದ ನಂಬರ್ ಇದೆಯೇ ನೋಡಿ. ಹಿಡಿಯುವ ಮೊದಲೂ ಆಮೇಲೂ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸುವುದು ಕಂಪನಿಗಳ ರೂಢಿ. ಆ ಪತ್ರ ಠಾಣೆಗೆ ತಲುಪಿದೆಯೇ ಎಂದು ಕೇಳಬಹುದು. ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗಾಗಲಿ ಜಾಮೀನುದಾರನಿಗಾಗಲಿ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಸೂಚಿಸಿತ್ತು. ಬೆದರಿಕೆ, ಬೈಗುಳ, ಊರವರ ಎದುರು ಮಾನ ಕಳೆಯುವುದು ಕೂಡ ನಿಷಿದ್ಧ.

ನಿಯಮ ಕಾಗದದಲ್ಲಿ ಮಾತ್ರ ಎನ್ನುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಹಜಾರಿಬಾಗ್‌ನಲ್ಲಿ ಟ್ರ್ಯಾಕ್ಟರ್ ಹಿಡಿಯಲು ಬಂದ ಸಂದರ್ಭದಲ್ಲಿ ಗರ್ಭಿಣಿಯೊಬ್ಬರು ಸಾವಿಗೀಡಾದರು. ಕೆಲವೇ ದಿನಗಳಲ್ಲಿ ರಿಸರ್ವ್ ಬ್ಯಾಂಕ್ ಮಹೀಂದ್ರಾ ಫೈನಾನ್ಸ್ ಕಂಪನಿಗೆ ಹೊರಗಿನ ಏಜೆಂಟರ ಮೂಲಕ ವಸೂಲಿ ಮತ್ತು ಗಾಡಿ ಹಿಡಿಯುವ ಕೆಲಸ ಮಾಡಿಸದಂತೆ ತಡೆ ಹಾಕಿತು. 2023ರ ಜನವರಿಯಲ್ಲಿ ಆ ತಡೆ ತೆರವಾಯಿತು. 2023ರ ಮೇ ತಿಂಗಳಲ್ಲಿ ಪಟ್ನಾ ಹೈಕೋರ್ಟ್ ಬಲವಂತದಿಂದ ಗಾಡಿ ಕಿತ್ತುಕೊಳ್ಳುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಹೇಳಿ, ತಪ್ಪು ಮಾಡಿದ ಬ್ಯಾಂಕು ಮತ್ತು ಕಂಪನಿಗಳಿಗೆ ತಲಾ 50,000 ರೂಪಾಯಿ ದಂಡ ಹಾಕಿತು. ಆ ತೀರ್ಪು ಬಿಹಾರದ್ದಾದ್ದರಿಂದ ಕೇರಳ, ಕರ್ನಾಟಕದ ನ್ಯಾಯಾಲಯಗಳನ್ನು ಅದು ಕಟ್ಟಿಹಾಕುವುದಿಲ್ಲ, ಆದರೆ ವಾದಕ್ಕೆ ಆಧಾರವಾಗುತ್ತದೆ.

ನೀವು ಶಾಂತವಾಗಿ 'ಕೊಡುವುದಿಲ್ಲ' ಎಂದರೆ ಏಜೆಂಟರು ಬಲ ಪ್ರಯೋಗಿಸುವಂತಿಲ್ಲ. ಆಗ ಕಂಪನಿ ಆರ್ಬಿಟ್ರೇಶನ್ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋಗಿ ರಿಸೀವರ್ ನೇಮಕದ ಆದೇಶ ತರಬಹುದು. ಆ ಆದೇಶ ಹಿಡಿದು ಬಂದವರನ್ನು ತಡೆದರೆ ತಪ್ಪು ನಿಮ್ಮದಾಗುತ್ತದೆ. ಗಾಡಿಯನ್ನು ಅಡಗಿಸುವುದು, ಬಿಡಿಭಾಗ ಕಳಚಿ ಮಾರುವುದು, ನಂಬರ್ ಬದಲಿಸುವುದು ಇವು ಸಾಲದ ವ್ಯಾಜ್ಯವನ್ನು ಕ್ರಿಮಿನಲ್ ಕೇಸ್ ಮಾಡಿಬಿಡುತ್ತವೆ. ಅದೇ ರೀತಿ 'ನನ್ನ ಗಾಡಿ ಕದ್ದರು' ಎಂದು ಕಂಪನಿಯ ಮೇಲೆ ದೂರು ಕೊಟ್ಟರೆ ಪೊಲೀಸರು ಹೆಚ್ಚಾಗಿ ಸ್ವೀಕರಿಸುವುದಿಲ್ಲ. ಬಾಡಿಗೆ ಖರೀದಿಯ ಗಾಡಿಯನ್ನು ಕಂಪನಿ ಹಿಂಪಡೆಯುವುದು ಕ್ರಿಮಿನಲ್ ಅಪರಾಧವಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಡೆದಿದ್ದರೆ, ಬೆದರಿಸಿದ್ದರೆ, ಮನೆಗೆ ನುಗ್ಗಿದ್ದರೆ ದೂರು ಅದರ ಬಗ್ಗೆ ಇರಬೇಕು.

ಯಾರ್ಡಿಗೆ ಹೋದ ಮೇಲೆ

ಗಾಡಿ ಕೊಡುವ ಸಂದರ್ಭ ಬಂದರೆ ಬರಿಗೈಯಲ್ಲಿ ಕೊಡಬೇಡಿ. ಇನ್ವೆಂಟರಿ ಪಟ್ಟಿ ಬರೆಸಿಕೊಳ್ಳಿ: ಕಿಲೋಮೀಟರ್ ರೀಡಿಂಗ್, ಟಯರ್, ಬ್ಯಾಟರಿ, ಸ್ಟೆಪ್ನಿ, ಜಾಕ್, ಟಾರ್ಪಾಲ್, ಗೀರು ಗಾಯಗಳು. ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಗಾಡಿಯೊಳಗಿನ ನಿಮ್ಮ ಸಾಮಾನು ಮತ್ತು ಗಿರಾಕಿಯ ಲೋಡು ಕಂಪನಿಗೆ ಸೇರಿದ್ದಲ್ಲ, ಅದನ್ನು ಇಳಿಸಿಕೊಳ್ಳಬಹುದು. ಖಾಲಿ ಕಾಗದಕ್ಕೆ, 'ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ' ಎಂದು ಮುದ್ರಿಸಿದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ನೋಟಿಸ್ ಕೊಟ್ಟಿಲ್ಲ ಎಂಬ ನಿಮ್ಮ ವಾದ ಆ ಒಂದು ಸಹಿಯಿಂದಲೇ ಹೋಗುತ್ತದೆ.

ಆ ದಿನದಿಂದ ಹರಾಜಿನವರೆಗಿನ ಅವಧಿಯೇ ಸಾಲಗಾರನ ಕೈಯಲ್ಲಿ ಉಳಿದಿರುವ ಸಮಯ. ಮಾರುವ ಮೊದಲು ಕೊನೆಯ ಅವಕಾಶ ಕೊಡಲೇಬೇಕು. ಪ್ರೀ ಸೇಲ್ ನೋಟಿಸ್ ಬಂದ ಕೂಡಲೇ ಕೇಳಬೇಕಾದದ್ದು ಎರಡು ಮೊತ್ತ: ಬಾಕಿ ಕಂತು ಕಟ್ಟಿ ಗಾಡಿ ಬಿಡಿಸಿಕೊಳ್ಳಲು ಎಷ್ಟು, ಸಾಲ ಪೂರ್ತಿ ಮುಗಿಸಲು ಎಷ್ಟು? ಎರಡನ್ನೂ ಬಿಡಿ ಬಿಡಿಯಾಗಿ, ಬರಹದಲ್ಲಿ ಕೇಳಿ.

ನಮ್ಮ ಚಾಲಕನ ಲೆಕ್ಕಕ್ಕೆ ಮರಳೋಣ. ತಪ್ಪಿದ ಮೂರು ಕಂತು 25,500. 23ನೇ ಕಂತಿನ ನಂತರ ಉಳಿಯುವ ಅಸಲು ಸುಮಾರು 1,79,700. ಎರಡೂ ಸೇರಿ 2,05,200. ದಂಡಶುಲ್ಕ 1,530. ಬೌನ್ಸ್ ಚಾರ್ಜ್ ಮೂರು ಸಲ 500ರಂತೆ 1,500. ಗಾಡಿ ಹಿಡಿದ ಖರ್ಚು 6,000, ಯಾರ್ಡ್ ಬಾಡಿಗೆ ದಿನಕ್ಕೆ 100ರಂತೆ 30 ದಿನಕ್ಕೆ 3,000 ಎಂದಿಟ್ಟುಕೊಳ್ಳೋಣ. ಒಟ್ಟು 2,17,230. ಗಾಡಿ 1,60,000ಕ್ಕೆ ಹರಾಜಾದರೆ ಉಳಿಯುವ ಬಾಕಿ 57,230 ರೂಪಾಯಿ.

ಕಂಪನಿಯ ಕಾಗದದಲ್ಲಿ ಇದೇ ಬಾಕಿ 90,030 ಎಂದು ಬರಬಹುದು. ಹೇಗೆ? ಉಳಿದ 28 ಕಂತುಗಳನ್ನೂ 8,500ರಿಂದ ಗುಣಿಸಿ 2,38,000 ಎಂದು ಹಿಡಿದರೆ ಸಾಕು. ಅದರಲ್ಲಿ ಇನ್ನೂ ಬಾರದ 25 ತಿಂಗಳ ಬಡ್ಡಿ 32,800 ರೂಪಾಯಿ ಸೇರಿರುತ್ತದೆ. ಗಾಡಿ ಕಂಪನಿಯ ಕೈಗೆ ಹೋಗಿ, ಮಾರಿ, ಹಣ ಬಂದ ಮೇಲೆ ಮುಂದಿನ ಎರಡು ವರ್ಷದ ಬಡ್ಡಿ ಯಾಕೆ ಎಂಬುದು ಸಾಲಗಾರ ಕೇಳಲೇಬೇಕಾದ ಪ್ರಶ್ನೆ. ಗಮನಿಸಿ, ಎಲ್ಲರೂ ಜಗಳ ಮಾಡುವುದು 1,530ರ ದಂಡಕ್ಕಾಗಿ. ದೊಡ್ಡ ಹಣ ಇರುವುದು ಇಲ್ಲಿ, ಮತ್ತೆ ಹರಾಜಿನ ಬೆಲೆಯಲ್ಲಿ.

ಹರಾಜಿನ ಬೆಲೆ ಕಡಿಮೆಯೆನಿಸಿದರೆ ಸುಮ್ಮನಿರಬೇಡಿ. ಅದೇ ಮಾಡೆಲ್, ಅದೇ ವರ್ಷದ ಗಾಡಿಗೆ ಎಷ್ಟು ಸಿಗುತ್ತದೆ ಎಂದು ಇಬ್ಬರು ಮೂವರು ಬ್ರೋಕರ್‌ಗಳಿಂದ ಬರೆಸಿ ತನ್ನಿ. ಹೆಚ್ಚು ಕೊಡುವ ಗಿರಾಕಿಯನ್ನು ನೀವೇ ಕರೆತರುತ್ತೀರೆಂದು ಹರಾಜಿಗೆ ಮೊದಲೇ ಪತ್ರ ಕೊಡಿ. ಬೆಲೆ ಬಾಕಿಗಿಂತ ಹೆಚ್ಚು ಬಂದರೆ ಉಳಿದದ್ದು ನಿಮಗೆ ಸೇರಬೇಕು. ಮೇಲಿನ ಉದಾಹರಣೆಯಲ್ಲಿ 2,30,000 ಬಂದಿದ್ದರೆ 12,770 ರೂಪಾಯಿ ಚಾಲಕನದ್ದು.

ಆರ್‌ಟಿಒದಿಂದ ಬರುವ ಪತ್ರವನ್ನೂ ಕಡೆಗಣಿಸಬಾರದು. ಸಾಲಗಾರ ಆರ್‌ಸಿ ಕೊಡದಿದ್ದರೆ ಕಂಪನಿ ತನ್ನ ಹೆಸರಿಗೆ ಹೊಸ ಆರ್‌ಸಿ ಬೇಕೆಂದು ಫಾರ್ಮ್ 36ರಲ್ಲಿ ಅರ್ಜಿ ಹಾಕುತ್ತದೆ. ಆಗ ಆರ್‌ಟಿಒ ನೋಂದಾಯಿತ ಮಾಲೀಕನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿ ಅವನ ಮಾತು ಕೇಳಬೇಕು. ಕೆಎಲ್ 14 ಗಾಡಿ ಮಂಗಳೂರಿನ ಯಾರ್ಡಿನಲ್ಲಿದ್ದರೂ ಈ ನೋಟಿಸ್ ಬರುವುದು ಕಾಸರಗೋಡಿನಿಂದಲೇ. ಲೆಕ್ಕದ ತಕರಾರು ಇದ್ದರೆ ಇಲ್ಲಿ ಬರಹದಲ್ಲಿ ಆಕ್ಷೇಪ ಸಲ್ಲಿಸಬಹುದು.

ಗಡಿ ದಾಟಿದ ದೂರು ಎಲ್ಲಿಗೆ?

'ವ್ಯಾಜ್ಯವಿದ್ದರೆ ಚೆನ್ನೈಯಲ್ಲಿ, ಕಂಪನಿ ನೇಮಿಸಿದ ಆರ್ಬಿಟ್ರೇಟರ್ ಮುಂದೆ' ಎಂಬ ಷರತ್ತು ನೋಡಿ ಬಹಳ ಜನ ಕೈ ಚೆಲ್ಲುತ್ತಾರೆ. ಅಷ್ಟು ಬೇಗ ಸೋಲಬೇಕಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಆರ್ಬಿಟ್ರೇಶನ್ ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದೂ ಸುಪ್ರೀಂ ಕೋರ್ಟಿನ ನಿಲುವು. ಗಾಡಿ ವ್ಯಾಪಾರಕ್ಕೆ ಬಳಸುವುದು, ಆದ್ದರಿಂದ ನೀವು ಗ್ರಾಹಕರಲ್ಲ ಎಂದು ಕಂಪನಿ ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಓಡಿಸುವ ಗಾಡಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ನಾಲ್ಕೈದು ಗಾಡಿ ಇಟ್ಟು ಚಾಲಕರನ್ನು ನೇಮಿಸಿಕೊಂಡವರಿಗೆ ಈ ವಿನಾಯಿತಿ ಸಿಗುವುದು ಕಷ್ಟ. ಆರ್ಬಿಟ್ರೇಟರ್ ನೋಟಿಸ್ ಬಂದರೆ ಮಾತ್ರ ಕಡೆಗಣಿಸದೆ ಉತ್ತರ ಕೊಡಿ. ಒಬ್ಬ ಪಕ್ಷಗಾರನೇ ಏಕಪಕ್ಷೀಯವಾಗಿ ಆರ್ಬಿಟ್ರೇಟರನ್ನು ನೇಮಿಸುವುದನ್ನು ಸುಪ್ರೀಂ ಕೋರ್ಟ್ 2019ರಿಂದ ಒಪ್ಪುತ್ತಿಲ್ಲ, ಆದರೆ ಆಕ್ಷೇಪ ಎತ್ತಬೇಕಾದವರು ನೀವು.

ದಂಡದ ಲೆಕ್ಕ, ಏಜೆಂಟರ ವರ್ತನೆಯ ದೂರಿಗೆ ಇನ್ನೊಂದು ದಾರಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಇನ್ನು ಮಂಗಳೂರಿನಲ್ಲಿ ಲೋಡು ಇಳಿಸುವಾಗ ಹಲ್ಲೆ ನಡೆದಿದ್ದರೆ ಅಲ್ಲಿನ ಠಾಣೆಯೇ ಸರಿಯಾದ ಜಾಗ. ಆದರೆ ಊರಿಗೆ ಬಂದು ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ದೂರು ಕೊಟ್ಟರೂ 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ಮರಳಿಸುವಂತಿಲ್ಲ. ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಾದರೂ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಕನ್ನಡದಲ್ಲಿ ಕೇಳುವ ಹಕ್ಕು

2024ರ ಅಕ್ಟೋಬರ್ 1ರಿಂದ ಕೊಡುವ ಇಂಥ ಪ್ರತಿಯೊಂದು ಹೊಸ ಸಾಲಕ್ಕೂ ಕಂಪನಿ ಒಪ್ಪಂದದ ಜೊತೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಮುಖ್ಯಾಂಶಗಳ ಹಾಳೆ ಕೊಡಬೇಕು. ಎಲ್ಲ ಶುಲ್ಕ ಸೇರಿಸಿದ ನಿಜವಾದ ವಾರ್ಷಿಕ ದರ, ದಂಡಶುಲ್ಕ, ವಸೂಲಿ ಏಜೆಂಟರ ಕುರಿತ ಷರತ್ತು, ದೂರು ಸ್ವೀಕರಿಸುವ ಅಧಿಕಾರಿಯ ಫೋನ್ ನಂಬರ್ ಅದರಲ್ಲಿರುತ್ತದೆ. ಫ್ಲಾಟ್ ಶೇ. 9ರ ಹಿಂದೆ ಅಡಗಿದ ಶೇ. 16 ಕಾಣುವುದು ಈ ಹಾಳೆಯಲ್ಲೇ. ಹಾಳೆಯಲ್ಲಿ ಬರೆಯದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಹಾಳೆ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಿ ಸಹಿ ಪಡೆಯಬೇಕು.

ಗಡಿನಾಡಿನಲ್ಲಿ ಈ ಮಾತಿಗೆ ತೂಕವಿದೆ. ಕನ್ನಡದಲ್ಲಿ ಸಹಿ ಹಾಕುವವರಿಂದ 'ಒಪ್ಪಂದವನ್ನು ನನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗಿದೆ' ಎಂಬ ಘೋಷಣೆಗೂ ಸಹಿ ಪಡೆಯುವುದು ಕಂಪನಿಗಳ ವಾಡಿಕೆ. ಓದಿ ಹೇಳದಿದ್ದರೂ ಅದಕ್ಕೆ ಸಹಿ ಹಾಕಿದರೆ ಮುಂದೆ 'ನನಗೆ ಗೊತ್ತಿರಲಿಲ್ಲ' ಎನ್ನಲು ಬಾಯಿ ಇರುವುದಿಲ್ಲ. ಮಲಯಾಳ ಮಾತನಾಡಲು ಬಂದರೂ ಓದಲು ಬಾರದವರು ಕನ್ನಡದ ಹಾಳೆಯನ್ನೇ ಕೇಳಬೇಕು. ಮಂಗಳೂರು ಶಾಖೆಯಲ್ಲಿ ಅದು ಇಲ್ಲವೆನ್ನುವುದಕ್ಕೆ ಕಾರಣವೇ ಇಲ್ಲ. ಈಗಾಗಲೇ ಸಾಲ ಪಡೆದವರು ಒಪ್ಪಂದದ ಪ್ರತಿಯನ್ನೂ ಎಲ್ಲ ಲಗತ್ತುಗಳನ್ನೂ ಕೇಳಿ ಪಡೆಯಬಹುದು, ಅದನ್ನು ಕೊಡುವುದು ಕಂಪನಿಯ ಕರ್ತವ್ಯ.

ಮಳೆಗಾಲದಲ್ಲಿ ಕಂತು ತಪ್ಪುವುದು ಖಚಿತವೆಂದು ಕಂಡರೆ ಮೊದಲ ಕಂತು ತಪ್ಪುವ ಮುನ್ನವೇ ಶಾಖೆಗೆ ಪತ್ರ ಕೊಟ್ಟು, ಅವಧಿ ವಿಸ್ತರಿಸಿ ಕಂತು ಇಳಿಸಲು ಸಾಧ್ಯವೇ ಎಂದು ಕೇಳಿ. ಒಪ್ಪಬೇಕೆಂಬ ಕಟ್ಟುಪಾಡು ಕಂಪನಿಗಿಲ್ಲ. ಆದರೆ ಮೊಹರು ಹಾಕಿಸಿಕೊಂಡ ಆ ಪತ್ರದ ಪ್ರತಿ ನಿಮ್ಮಲ್ಲಿದ್ದರೆ, ಮುಂದೆ ಆಯೋಗದ ಎದುರು ನೀವು ತಲೆತಪ್ಪಿಸಿಕೊಂಡವರಲ್ಲ ಎಂಬುದಕ್ಕೆ ಅದೇ ಸಾಕ್ಷಿ.